'ರಕ್ತ ತೆಳು ಮಾಡೋ ಮಾತ್ರೆ' ಅಂದರೆ ಸಾಲದು: ಬಿದ್ದು ತಲೆಗೆ ಪೆಟ್ಟಾದಾಗ ಏನು ಹೇಳಬೇಕು, ಏನು ನೋಡಬೇಕು

ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು: "ಅಮ್ಮ ರಕ್ತ ತೆಳು ಆಗೋಕೆ ಮಾತ್ರೆ ತಗೋತಾರೆ ಡಾಕ್ಟ್ರೇ." ಯಾವ ಮಾತ್ರೆ? "ಬಿಳಿದು, ಚಿಕ್ಕದು." ಇಷ್ಟು ಹೇಳಿದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಆ ಹೆಸರಿನ ಕೆಳಗೆ ಕನಿಷ್ಠ ನಾಲ್ಕು ಬಗೆಯ ಔಷಧಿಗಳಿವೆ. ಒಂದೊಂದೂ ಕೆಲಸ ಮಾಡುವ ಜಾಗ ಬೇರೆ, ಅಳೆಯುವ ಟೆಸ್ಟ್ ಬೇರೆ, ಅದರ ಪ್ರಭಾವ ತಡೆಯುವ ಮದ್ದು ಬೇರೆ. ಅಂದಹಾಗೆ, ಇವುಗಳಲ್ಲಿ ಯಾವುದೂ ರಕ್ತವನ್ನು ನೀರು ಬೆರೆಸಿದ ಹಾಗೆ ತೆಳು ಮಾಡುವುದಿಲ್ಲ. ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತವೆ, ಅಷ್ಟೇ.

ಒಂದು ಪ್ರಕರಣ ಹಿಡಿದುಕೊಂಡು ಹೋಗೋಣ. 74 ವರ್ಷದ ಮಹಿಳೆ, ತೂಕ 60 ಕಿಲೋ. ಬೆಳಿಗ್ಗೆ 8ಕ್ಕೆ ಮಾತ್ರೆ ನುಂಗಿದ್ದಾರೆ. 11ಕ್ಕೆ ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿದೆ. ಆಸ್ಪತ್ರೆಗೆ ಬಂದಾಗ 12 ಗಂಟೆ. ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿದೆ. ಸಿಟಿ ಸ್ಕ್ಯಾನ್‌ನಲ್ಲಿ ಮೆದುಳಿನ ಹೊರಪದರದ ಕೆಳಗೆ ರಕ್ತ ಕಾಣುತ್ತಿದೆ.

ಹಂತ 1: ಮಾತ್ರೆಯ ಹೆಸರು ಹುಡುಕಿ

ಮಗಳು ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಕೊಟ್ಟರು. ಕತ್ತರಿಯಲ್ಲಿ ಕತ್ತರಿಸಿದ ಅರ್ಧ ಸ್ಟ್ರಿಪ್. ಹೆಸರು ಇದ್ದ ಇನ್ನರ್ಧ ಮನೆಯಲ್ಲಿ! ನಮ್ಮ ಕೈಯಲ್ಲಿದ್ದ ತುಂಡಿನ ಮೇಲೆ '5' ಮತ್ತು ಅರ್ಧಂಬರ್ಧ ಅಕ್ಷರಗಳು ಮಾತ್ರ. ಮನೆಗೆ ಫೋನ್ ಮಾಡಿ, ಮೊಮ್ಮಗನ ಕೈಲಿ ಓದಿಸಿ, "ಅಪಿಕ್ಸಬಾನ್ 5 ಮಿಲಿಗ್ರಾಂ" ಅಂತ ಖಚಿತವಾಗುವ ಹೊತ್ತಿಗೆ ಇಪ್ಪತ್ತು ನಿಮಿಷ ಹೋಗಿತ್ತು. ಜೊತೆಗೆ 75 ಮಿಲಿಗ್ರಾಂ ಆಸ್ಪಿರಿನ್ ಕೂಡ ಇದೆ ಅಂತ ಆಗಲೇ ಗೊತ್ತಾಗಿದ್ದು.

ಹಾಗಾಗಿ ಈ ಮಾತ್ರೆಗಳ ಸ್ಟ್ರಿಪ್ ಕತ್ತರಿಸಬೇಡಿ. ಏಳು ದಿನದ ಖಾನೆಗಳಿರುವ ಪ್ಲಾಸ್ಟಿಕ್ ಡಬ್ಬಿ ನನಗೆ ಸುತರಾಂ ಇಷ್ಟವಿಲ್ಲ, ಅದರಲ್ಲಿ ಮಾತ್ರೆ ಇರುತ್ತದೆ, ಹೆಸರಿರುವುದಿಲ್ಲ. ಅದರಲ್ಲೂ ಇದೇ ಕೆಲಸಕ್ಕೆ ಕೊಡುವ ಡಾಬಿಗಟ್ರಾನ್ ಎಂಬ ಕ್ಯಾಪ್ಸೂಲನ್ನು ಅದರ ಪ್ಯಾಕಿಂಗ್‌ನಿಂದ ಹೊರಗೆ ತೆಗೆದು ಇಡಲೇಬಾರದು, ತೇವ ತಗುಲಿದರೆ ಕೆಡುತ್ತದೆ. ಫೋನಲ್ಲಿ ಫೋಟೋ ಇದೆ ಅನ್ನುವವರಿಗೆ ಒಂದು ಮಾತು: ಬಿದ್ದವರ ಫೋನಿನ ಲಾಕ್ ತೆಗೆಯುವವರು ಯಾರು? ಒಂದು ಚೀಟಿಯಲ್ಲಿ ಪೆನ್ನಿನಿಂದ ಬರೆದು ಪರ್ಸಿನಲ್ಲಿ ಇಡಿ.

ಹೆಸರು ಸಿಕ್ಕರೆ ಅದರ ಮನೆತನ ಗೊತ್ತಾಗುತ್ತದೆ. ವಾರ್ಫರಿನ್, ಅಸೆನೋಕುಮರಾಲ್ ಒಂದು ಮನೆತನ. ಇವು ಯಕೃತ್ತಿನಲ್ಲಿ ವಿಟಮಿನ್ ಕೆ ಮರುಬಳಕೆಯಾಗುವುದನ್ನು ತಡೆಯುತ್ತವೆ. ಆಗ ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು, ಅಂದರೆ 2, 7, 9, 10ನೇ ಫ್ಯಾಕ್ಟರ್‌ಗಳು, ಅರೆಬರೆಯಾಗಿ ತಯಾರಾಗುತ್ತವೆ. ಅಪಿಕ್ಸಬಾನ್, ರಿವರಾಕ್ಸಬಾನ್, ಎಡಾಕ್ಸಬಾನ್ ಇನ್ನೊಂದು ಮನೆತನ. ಇಲ್ಲಿ ಫ್ಯಾಕ್ಟರ್‌ಗಳು ಸರಿಯಾಗೇ ಇರುತ್ತವೆ, ಮಾತ್ರೆ ನೇರವಾಗಿ ಹೋಗಿ ಕ್ರಿಯಾಶೀಲವಾದ 10ನೇ ಫ್ಯಾಕ್ಟರ್ ಅನ್ನು ಹಿಡಿದುಕೊಳ್ಳುತ್ತದೆ. ಡಾಬಿಗಟ್ರಾನ್ ಒಂಟಿ, ಅದು ಥ್ರಾಂಬಿನ್ ಅನ್ನೇ, ಅಂದರೆ ಕ್ರಿಯಾಶೀಲವಾದ 2ನೇ ಫ್ಯಾಕ್ಟರ್ ಅನ್ನೇ ಹಿಡಿಯುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್, ಟಿಕಾಗ್ರೆಲರ್ ಫ್ಯಾಕ್ಟರ್‌ಗಳ ತಂಟೆಗೇ ಹೋಗುವುದಿಲ್ಲ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಮಾಡುತ್ತವೆ.

ಹಂತ 2: ಕೊನೆಯ ಮಾತ್ರೆ ಎಷ್ಟು ಗಂಟೆಗೆ?

"ಬೆಳಿಗ್ಗೆ" ಅಂದರೆ ಸಾಲದು, ಗಂಟೆ ಹೇಳಿ. ಜೊತೆಗೆ ಕಿಡ್ನಿಯ ತೊಂದರೆ ಇದ್ದರೆ ಅದನ್ನೂ ಹೇಳಿ, ಯಾಕೆಂದರೆ ಡಾಬಿಗಟ್ರಾನ್ ಬಹುಪಾಲು ಕಿಡ್ನಿಯಿಂದಲೇ ಹೊರಗೆ ಹೋಗಬೇಕು.

ಹಂತ 3: ಟೆಸ್ಟ್ ಓದುವುದು (ಎಲ್ಲರೂ ಎಡವುವುದು ಇಲ್ಲೇ)

ನಮ್ಮ ರೋಗಿಯ ಐಎನ್‌ಆರ್ 1.1 ಬಂತು. ಮಗಳ ಮುಖ ಅರಳಿತು. "ನಾರ್ಮಲ್ ಅಲ್ವಾ? ಹಾಗಾದ್ರೆ ಮಾತ್ರೆ ಪ್ರಭಾವ ಇಲ್ಲ." ಕಲಿಯುತ್ತಿದ್ದ ಕಿರಿಯ ವೈದ್ಯನೊಬ್ಬ ಕೂಡ ತಲೆಯಾಡಿಸಿದ. ನಾನೇ ಕೆಲಸಕ್ಕೆ ಸೇರಿದ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ಐಎನ್‌ಆರ್ ನೋಡಿ ಸುಮ್ನೆ ಕೂತಿದ್ದೆ, ಆರು ಗಂಟೆಯ ನಂತರದ ಸ್ಕ್ಯಾನ್‌ನಲ್ಲಿ ರಕ್ತ ದುಪ್ಪಟ್ಟಾಗಿತ್ತು.

ಐಎನ್‌ಆರ್ ಏನು ಅಳೆಯುತ್ತದೆ? ಲ್ಯಾಬಿನವರು ರಕ್ತದ ಪ್ಲಾಸ್ಮಾಗೆ ಹೆಪ್ಪುಗಟ್ಟಿಸುವ ಒಂದು ದ್ರಾವಣ ಹಾಕಿ, ಎಷ್ಟು ಸೆಕೆಂಡಿನಲ್ಲಿ ಗಟ್ಟಿಯಾಯಿತು ಅಂತ ನೋಡುತ್ತಾರೆ. ಬೇರೆ ಬೇರೆ ಲ್ಯಾಬಿನ ದ್ರಾವಣ ಬೇರೆ ಬೇರೆ ಇರುವುದರಿಂದ ಆ ಸೆಕೆಂಡುಗಳನ್ನು ಒಂದೇ ಅಳತೆಗೆ ತಂದು ಹೇಳುತ್ತಾರೆ. ಆ ಹೊಂದಾಣಿಕೆ ಮಾಡಿರುವುದೇ ವಾರ್ಫರಿನ್ ಮನೆತನಕ್ಕಾಗಿ. ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ 7ನೇ ಫ್ಯಾಕ್ಟರ್ ಕಡಿಮೆ ಇರುತ್ತದೆ, ಈ ಟೆಸ್ಟ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅಪಿಕ್ಸಬಾನ್ ರಕ್ತದಲ್ಲಿ ತುಂಬಿ ತುಳುಕುತ್ತಿದ್ದರೂ ಇದೇ ಟೆಸ್ಟ್ ನಾರ್ಮಲ್ ಬರಬಹುದು. ರಿವರಾಕ್ಸಬಾನ್ ಕೆಲವು ದ್ರಾವಣಗಳಲ್ಲಿ ಸೆಕೆಂಡು ಜಾಸ್ತಿ ತೋರಿಸುತ್ತದೆ, ಕೆಲವದರಲ್ಲಿ ಇಲ್ಲ. ಅಂದರೆ ಈ ಮನೆತನಕ್ಕೆ ಐಎನ್‌ಆರ್ ತಕ್ಕ ತಕ್ಕಡಿಯೇ ಅಲ್ಲ.

ಇದಕ್ಕೆ ಬೇಕಾದ್ದು ಆಂಟಿ-ಟೆನ್-ಎ ಟೆಸ್ಟ್, ಅದೂ ಆಯಾ ಮಾತ್ರೆಗೆ ಹೊಂದಿಸಿದ್ದು. ಅದರಲ್ಲಿ ಮಾತ್ರೆಯ ಪ್ರಮಾಣವೇ ನ್ಯಾನೋಗ್ರಾಂ ಲೆಕ್ಕದಲ್ಲಿ ಬರುತ್ತದೆ. ಜೀವಕ್ಕೆ ಅಪಾಯ ತರುವ ರಕ್ತಸ್ರಾವ ಇದ್ದು, ಒಂದು ಮಿಲಿಲೀಟರ್‌ಗೆ 50 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ತಡೆಮದ್ದಿನ ಬಗ್ಗೆ ಯೋಚಿಸುತ್ತೇವೆ. ನಮ್ಮ ಲ್ಯಾಬಿನ ವರದಿ ಒಂದೂವರೆ ಗಂಟೆ ಬಿಟ್ಟು ಬಂತು: 168. ಐಎನ್‌ಆರ್ 1.1 ಇದ್ದ ಅದೇ ರಕ್ತದಲ್ಲಿ! 8 ಗಂಟೆಗೆ ನುಂಗಿದ ಅಪಿಕ್ಸಬಾನ್ 11-12ರ ಹೊತ್ತಿಗೆ ಉತ್ತುಂಗದಲ್ಲಿರುತ್ತದೆ, ಹಾಗಾಗಿ ಆಶ್ಚರ್ಯವೇನಿಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 12 ಗಂಟೆ ಬೇಕು. 168 ಎಂಬುದು ಮಧ್ಯರಾತ್ರಿಗೆ 84, ಮರುದಿನ ಮಧ್ಯಾಹ್ನಕ್ಕೆ 42. ಸುಮ್ಮನೆ ಕಾದಿದ್ದರೆ ಹತ್ತಿರಹತ್ತಿರ ಒಂದು ದಿನ ಮೆದುಳಿನಲ್ಲಿ ರಕ್ತ ಜಿನುಗುವ ಅಪಾಯ ಹಾಗೇ ಇರುತ್ತಿತ್ತು.

ಈ ಟೆಸ್ಟ್ ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕರೂ ತಡವಾಗುತ್ತದೆ. ಆದ್ದರಿಂದಲೇ ಹಂತ 1 ಮತ್ತು 2. ಹೆಸರು ಮತ್ತು ಗಂಟೆ ಗೊತ್ತಿದ್ದರೆ ವರದಿಗೆ ಕಾಯದೆ ಮುಂದುವರಿಯಬಹುದು. ನಾವೂ ಕಾಯಲಿಲ್ಲ.

ಡಾಬಿಗಟ್ರಾನ್ ಆಗಿದ್ದರೆ ಥ್ರಾಂಬಿನ್ ಟೈಮ್ ಎಂಬ ಟೆಸ್ಟ್ ಕೇಳಬೇಕು. ಅದು ಎಷ್ಟು ಸೂಕ್ಷ್ಮ ಅಂದರೆ, ನಾರ್ಮಲ್ ಬಂದರೆ ಆ ಔಷಧಿ ರಕ್ತದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಜಾಸ್ತಿ ಬಂದರೆ ಎಷ್ಟಿದೆ ಅಂತ ಅದು ಹೇಳುವುದಿಲ್ಲ, ಚೂರು ಇದ್ದರೂ ಏರಿಬಿಡುತ್ತದೆ.

ಇನ್ನು ಆಸ್ಪಿರಿನ್ ಮನೆತನ. ಇಲ್ಲಿ ಪ್ಲೇಟ್‌ಲೆಟ್ ಎಣಿಕೆ ನೋಡಿ "ಎರಡು ಲಕ್ಷ ಇದೆ, ಏನೂ ತೊಂದರೆಯಿಲ್ಲ" ಅನ್ನುವವರನ್ನು ದಿನಾ ನೋಡುತ್ತೇನೆ. ಎಣಿಕೆ ತಲೆಗಳನ್ನು ಲೆಕ್ಕ ಹಾಕುತ್ತದೆ, ಕೆಲಸ ಮಾಡುತ್ತವೋ ಇಲ್ಲವೋ ಹೇಳುವುದಿಲ್ಲ. ಪ್ಲೇಟ್‌ಲೆಟ್‌ನ ಕೆಲಸ ಪರೀಕ್ಷಿಸುವ ಟೆಸ್ಟ್‌ಗಳು ಬೇರೆ ಇವೆ, ತುರ್ತು ಹೊತ್ತಿನಲ್ಲಿ ನಾನು ಅವುಗಳ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ.

ಹಂತ 4: ತಡೆಮದ್ದು

ವಾರ್ಫರಿನ್ ಆಗಿದ್ದು ಐಎನ್‌ಆರ್ 3.4 ಬಂದಿದ್ದರೆ ದಾರಿ ಸುಲಭವಿತ್ತು. ಫ್ಯಾಕ್ಟರ್‌ಗಳ ಸಾಂದ್ರ ಮಿಶ್ರಣ, ನಾವು ಪಿಸಿಸಿ ಅನ್ನುತ್ತೇವೆ, ಕಿಲೋಗೆ 25 ಯೂನಿಟ್‌ನಂತೆ 1500 ಯೂನಿಟ್ ಕೊಡುತ್ತಿದ್ದೆವು. ಜೊತೆಗೆ ವಿಟಮಿನ್ ಕೆ 10 ಮಿಲಿಗ್ರಾಂ, ಡ್ರಿಪ್‌ನಲ್ಲಿ ನಿಧಾನವಾಗಿ 20-30 ನಿಮಿಷ. ಎರಡೂ ಯಾಕೆ? ಪಿಸಿಸಿ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ, ಆದರೆ ಅದರಲ್ಲಿರುವ 7ನೇ ಫ್ಯಾಕ್ಟರ್ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ಅಷ್ಟರಲ್ಲಿ ವಿಟಮಿನ್ ಕೆ ಯಕೃತ್ತನ್ನು ಕೆಲಸಕ್ಕೆ ಹಚ್ಚಿರಬೇಕು. ವಿಟಮಿನ್ ಕೆ ಮರೆತರೆ ಮಧ್ಯಾಹ್ನ ಸರಿಯಾದ ಐಎನ್‌ಆರ್ ರಾತ್ರಿ ಮತ್ತೆ ಏರುತ್ತದೆ.

ಶಾರ್ಟ್‌ಕಟ್ ಪ್ರಿಯರು ಯಾವ ಮಾತ್ರೆ ಅಂತ ಕೇಳದೆ ಎಲ್ಲರಿಗೂ ವಿಟಮಿನ್ ಕೆ ಚುಚ್ಚುತ್ತಾರೆ. ಅಪಿಕ್ಸಬಾನ್‌ಗಾಗಲಿ ಆಸ್ಪಿರಿನ್‌ಗಾಗಲಿ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ, ಕೊರತೆ ಇದ್ದದ್ದು ವಿಟಮಿನ್ ಕೆ ಅಲ್ಲವಲ್ಲ.

ಡಾಬಿಗಟ್ರಾನ್‌ಗೆ ಇಡಾರುಸಿಜುಮಾಬ್ ಇದೆ. 2.5 ಗ್ರಾಂನ ಎರಡು ಬಾಟಲಿ, ಒಟ್ಟು 5 ಗ್ರಾಂ. ನಿಮಿಷಗಳಲ್ಲಿ ಥ್ರಾಂಬಿನ್ ಟೈಮ್ ಇಳಿಯುತ್ತದೆ. ಅದು ಸಿಗದಿದ್ದರೆ ಡಯಾಲಿಸಿಸ್ ಕೂಡ ನೆರವಾಗುತ್ತದೆ. ಅಪಿಕ್ಸಬಾನ್ ಡಯಾಲಿಸಿಸ್‌ಗೆ ಜಗ್ಗುವುದಿಲ್ಲ, ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ.

ಅಪಿಕ್ಸಬಾನ್ ಮನೆತನಕ್ಕೆಂದೇ ತಯಾರಾದದ್ದು ಆಂಡೆಕ್ಸಾನೆಟ್. ಮಾತ್ರೆಗೆ ಆಮಿಷ ತೋರಿಸುವ ನಕಲಿ 10ನೇ ಫ್ಯಾಕ್ಟರ್ ಅದು. ಆದರೆ ಅದು ತುಂಬಾ ದುಬಾರಿಯಾಗಿತ್ತು, ಎಲ್ಲೆಡೆ ಸಿಗುತ್ತಲೂ ಇರಲಿಲ್ಲ, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬರುವ ಭಯವೂ ಅದರ ಬೆನ್ನಿಗಿತ್ತು. ನಮ್ಮ ಹತ್ತಿರ ಇರಲಿಲ್ಲ. 2000 ಯೂನಿಟ್ ಪಿಸಿಸಿ ಕೊಟ್ಟೆವು. ಇದು ಮಾತ್ರೆಯನ್ನು ತೆಗೆದುಹಾಕುವುದಿಲ್ಲ, ಮಾತ್ರೆಯ ಅಡ್ಡಿಯನ್ನು ಮೀರುವಷ್ಟು ಫ್ಯಾಕ್ಟರ್ ಸುರಿಯುತ್ತದೆ. ಆದ್ದರಿಂದ ಕೊಟ್ಟ ಮೇಲೆ ಆಂಟಿ-ಟೆನ್-ಎ ಸಂಖ್ಯೆ ಇಳಿಯಲಿಲ್ಲ ಅಂತ ಗಾಬರಿಬಿದ್ದು ಮತ್ತೊಂದು ಡೋಸ್ ಕೊಡಬಾರದು. ಜಾಸ್ತಿಯಾದರೆ ಇದೂ ಬೇಡದ ಕಡೆ ಹೆಪ್ಪುಗಟ್ಟಿಸುತ್ತದೆ. ನೋಡಬೇಕಾದ್ದು ರೋಗಿಯನ್ನು ಮತ್ತು ಮುಂದಿನ ಸ್ಕ್ಯಾನ್ ಅನ್ನು. ಹೊಟ್ಟೆಗೆ ಇದ್ದಿಲ ಪುಡಿ ಕೊಡಬಹುದಿತ್ತಲ್ಲ ಅಂತ ಕಿರಿಯ ವೈದ್ಯ ಕೇಳಿದ. ಮಾತ್ರೆ ನುಂಗಿ ಎರಡು ಗಂಟೆಯೊಳಗೆ ಬಂದಿದ್ದರೆ ಸರಿ. ಇಲ್ಲಿ ನಾಲ್ಕು ಗಂಟೆ ಆಗಿತ್ತು, ಮೇಲಾಗಿ ತೂಕಡಿಸುತ್ತಿರುವವರಿಗೆ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಆಸ್ಪಿರಿನ್ ಏನು ಮಾಡಿದಿರಿ ಅಂತೀರಾ? ಏನೂ ಮಾಡಲಿಲ್ಲ. ಅದಕ್ಕೆ ತಡೆಮದ್ದೇ ಇಲ್ಲ. ಒಮ್ಮೆ ತಗುಲಿದ ಪ್ಲೇಟ್‌ಲೆಟ್ ಸಾಯುವವರೆಗೂ, ಅಂದರೆ 7ರಿಂದ 10 ದಿನ, ಹಾಗೇ ಇರುತ್ತದೆ. ದಿನಕ್ಕೆ ಹತ್ತರಲ್ಲಿ ಒಂದು ಪಾಲು ಹೊಸದು ಬರುತ್ತಾ ಹೋಗುತ್ತದೆ. ಹೊಸ ಪ್ಲೇಟ್‌ಲೆಟ್ ಏರಿಸಿಬಿಡೋಣ ಅಂತ ಅನ್ನಿಸುವುದು ಸಹಜ. ಆದರೆ ತಾನಾಗಿಯೇ ಮೆದುಳಿನಲ್ಲಿ ರಕ್ತಸ್ರಾವವಾದವರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ಯಾಚ್ ಅಧ್ಯಯನದಲ್ಲಿ ಪ್ಲೇಟ್‌ಲೆಟ್ ಕೊಟ್ಟವರ ಗತಿಯೇ ಕೆಟ್ಟದಾಗಿತ್ತು. ಪೆಟ್ಟು ಬಿದ್ದ ಪ್ರಕರಣ ಅದಕ್ಕಿಂತ ಬೇರೆ, ನಿಜ. ಆದರೂ ತಲೆ ತೆರೆದು ಆಪರೇಷನ್ ಮಾಡುವುದಾದರೆ ಮಾತ್ರ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ. ಟಿಕಾಗ್ರೆಲರ್ ಆಗಿದ್ದರೆ ಇನ್ನೂ ಕಷ್ಟ. ಅದು ರಕ್ತದಲ್ಲಿ ತೇಲುತ್ತಾ ಇರುತ್ತದೆ, ಏರಿಸಿದ ಪ್ಲೇಟ್‌ಲೆಟ್‌ಗೂ ಹೋಗಿ ಅಂಟಿಕೊಳ್ಳುತ್ತದೆ.

ಇದನ್ನೆಲ್ಲ ಓದಿ ಹೆದರಿ ಮಾತ್ರೆ ನಿಲ್ಲಿಸಿಬಿಡಬೇಡಿ. ಬರೆದುಕೊಟ್ಟವರನ್ನು ಕೇಳದೆ ಒಂದು ಡೋಸ್ ಕೂಡ ಬಿಡಬೇಡಿ.

ಸಂಜೆ 6ಕ್ಕೆ ಎರಡನೇ ಸ್ಕ್ಯಾನ್ ಮಾಡಿದೆವು. ರಕ್ತದ ಪಟ್ಟಿ ಮಧ್ಯಾಹ್ನದಷ್ಟೇ ದಪ್ಪ ಇತ್ತು. ಆಪರೇಷನ್ ಬೇಕಾಗಲಿಲ್ಲ, ಪ್ಲೇಟ್‌ಲೆಟ್ ಚೀಲ ಬ್ಲಡ್ ಬ್ಯಾಂಕಿನಲ್ಲೇ ಉಳಿಯಿತು. ಅಷ್ಟು ಹೊತ್ತಿಗೆ ಮೊಮ್ಮಗ ಸ್ಟ್ರಿಪ್‌ನ ಇನ್ನರ್ಧ ತಗೊಂಡು ಬಂದಿದ್ದ.