ಮಾಲು ಪದೇ ಪದೇ ಲೇಟಾ? ಸಪ್ಲೈಯರ್ ಅಗ್ರಿಮೆಂಟ್ ಮುಗಿಸೋ ನೋಟಿಸ್ ಬರೆಯೋದು ಹೀಗೆ

ಪೀಣ್ಯದಲ್ಲಿ ಒಂದು ಸಣ್ಣ ಪಂಪ್ ಫ್ಯಾಕ್ಟರಿ ಇದೆ ಅಂತ ಇಟ್ಕೊಳ್ಳಿ. ಕಾಸ್ಟಿಂಗ್ ಬರೋದು ಬೆಳಗಾವಿಯ ಒಂದು ಫೌಂಡ್ರಿಯಿಂದ. ಮೇ 5ಕ್ಕೆ ಬರಬೇಕಿದ್ದ ಲೋಡು 14ಕ್ಕೆ ಬಂತು, ಜೂನ್ 2ರದ್ದು 19ಕ್ಕೆ ಬಂತು, ಜುಲೈ 1ಕ್ಕೆ 400 ಪೀಸ್ ಅಂದಿದ್ರೆ 250 ಬಂದು 150 ಇನ್ನೂ ಬಾಕಿ. ಓನರ್‌ಗೆ ತಲೆ ಕೆಟ್ಟು "ಇವತ್ತಿಂದ ನಿಮ್ ಅಗ್ರಿಮೆಂಟ್ ಕ್ಯಾನ್ಸಲ್" ಅಂತ ವಾಟ್ಸಾಪ್ ಹಾಕ್ತಾರೆ. ಅಲ್ಲಿಗೆ ಕೇಸು ಉಲ್ಟಾ ಹೊಡೆಯುತ್ತೆ, ಯಾಕಂದ್ರೆ ಅಗ್ರಿಮೆಂಟ್‌ನಲ್ಲಿ ಕ್ಯೂರ್ ಪಿರಿಯಡ್ ಕ್ಲಾಸ್ ಇದ್ರೆ, ಅಂದ್ರೆ ತಪ್ಪು ಸರಿಪಡಿಸ್ಕೊಳ್ಳೋಕೆ 30 ದಿನ ಕೊಡ್ಬೇಕು ಅಂತ ಬರೆದಿದ್ರೆ, ಅದನ್ನ ಕೊಡದೇ ಮುಗಿಸಿದೋರೇ ಅಗ್ರಿಮೆಂಟ್ ಮುರಿದ ಹಾಗೆ ಆಗ್ಬಹುದು.

ಹಾಗಾಗಿ ಇಲ್ಲಿ ಲೆಟರ್ ಒಂದಲ್ಲ, ಎರಡು. ಮೊದಲನೇದು ತಪ್ಪು ತೋರಿಸಿ ಗಡುವು ಕೊಡೋದು, ಎರಡನೇದು ಗಡುವು ಮುಗಿದ ಮೇಲೆ ಸಂಬಂಧ ಮುಗಿಸೋದು. ಜನ ಎರಡನೇದಕ್ಕೆ ಲಾಯರ್ ಹತ್ರ ಓಡ್ತಾರೆ, ಆದ್ರೆ ನನ್ನ ಲೆಕ್ಕದಲ್ಲಿ ಎಲ್ಲಾ ತೀರ್ಮಾನ ಆಗೋದು ಮೊದಲನೇ ಲೆಟರ್‌ನಲ್ಲೇ, ಲಾಯರ್‌ಗೆ ತೋರಿಸೋದಿದ್ರೆ ಅದನ್ನ ತೋರಿಸಿ.

ಬರೆಯೋಕೆ ಕೂರೋ ಮೊದಲು ಅಗ್ರಿಮೆಂಟ್ ತೆಗೆದು ಡೆಲಿವರಿ ಅಂದ್ರೆ ಏನು ಅಂತ ಬರೆದಿದೆ ನೋಡಿ. ಮಾಲು ನಿಮ್ಮ ಗೇಟಿಗೆ ಬಂದ್ರೆ ಡೆಲಿವರಿನೋ, ಬೆಳಗಾವಿಯಲ್ಲಿ ಲಾರಿಗೆ ಹತ್ತಿಸಿದ್ರೆ ಡೆಲಿವರಿನೋ? ಎರಡನೇ ಥರ ಇದ್ರೆ ದಾರಿಯಲ್ಲಿ ಹೋದ ದಿನ ಸಪ್ಲೈಯರ್ ತಪ್ಪಲ್ಲ, ನಿಮ್ಮ ಒಂಬತ್ತು ದಿನದ ಲೇಟು ಏಳಕ್ಕೆ ಇಳಿದುಹೋಗ್ಬಹುದು. ಆಮೇಲೆ ದಾಖಲೆ ಒಟ್ಟು ಹಾಕಿ, ಪಿಒ ಅಂದ್ರೆ ನೀವು ಕೊಟ್ಟ ಪರ್ಚೇಸ್ ಆರ್ಡರ್, ಇ-ವೇ ಬಿಲ್, ಲಾರಿ ರಶೀದಿ, ಮಾಲು ಬಂದಾಗ ನಿಮ್ಮ ಸ್ಟೋರ್‌ನವರು ಬರೆದ ಸ್ವೀಕೃತಿ ಚೀಟಿ ಅಂದ್ರೆ ಜಿಆರ್‌ಎನ್. ಗೇಟ್ ರಿಜಿಸ್ಟರ್‌ನಲ್ಲಿ ಒಂದು ತಾರೀಖು ಜಿಆರ್‌ಎನ್‌ನಲ್ಲಿ ಇನ್ನೊಂದು ಇರೋದು ನಮ್ಮ ಕಡೆ ಮಾಮೂಲಿ, ಅದನ್ನ ಈಗಲೇ ಹುಡುಕಿ ಕಾರಣ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ಅವರ ಲಾಯರ್ ಹುಡುಕ್ತಾನೆ.

ಇನ್ನೊಂದು, ನಿಮ್ಮ ಪೇಮೆಂಟ್ ಸರಿ ಇದೆಯಾ? ಫೌಂಡ್ರಿಯವರು ಉದ್ಯಮ್ ರಿಜಿಸ್ಟ್ರೇಷನ್ ಇರೋ ಸಣ್ಣ ಘಟಕ ಆಗಿದ್ರೆ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಅಗ್ರಿಮೆಂಟ್‌ನಲ್ಲಿ ಏನೇ ಬರೆದಿರಲಿ 45 ದಿನಕ್ಕಿಂತ ಹೆಚ್ಚು ದುಡ್ಡು ತಡೆಯೋ ಹಾಗಿಲ್ಲ, ತಡೆದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತೆ. "ನೀವು ದುಡ್ಡು ಕೊಟ್ಟಿಲ್ಲ, ಅದಕ್ಕೇ ಮಾಲು ಲೇಟು" ಅನ್ನೋ ಉತ್ತರಕ್ಕೆ ಜಾಗ ಬಿಡ್ಬೇಡಿ, ಒಪ್ಪಿದ ಬಿಲ್ ಎಲ್ಲಾ ಚುಕ್ತಾ ಮಾಡಿಯೇ ನೋಟಿಸ್ ಕಳಿಸಿ.

ಈಗ ಮೊದಲನೇ ಲೆಟರ್. ಇಲ್ಲಿ ಒಂದು ತಮಾಷೆ ಪ್ರಶ್ನೆ ಇದೆ, ಮೇ ತಿಂಗಳಲ್ಲಿ ಆದ ಲೇಟನ್ನ ಜುಲೈನಲ್ಲಿ ಯಾರಾದ್ರೂ ಹೇಗೆ ಸರಿಪಡಿಸೋಕಾಗುತ್ತೆ? ಆಗಲ್ಲ. ಅದಕ್ಕೇ ಸರಿಪಡಿಸೋದು ಅಂದ್ರೆ ಏನು ಅಂತ ನೀವೇ ಹೇಳ್ಬೇಕು. "ಬಾಕಿ 150 ಪೀಸ್ ಕೊಡಿ" ಅಂತ ಮಾತ್ರ ಬರೆದ್ರೆ ಅವರು 29ನೇ ದಿನ 150 ಪೀಸ್ ಇಳಿಸಿ ಕೈ ತೊಳ್ಕೊಳ್ತಾರೆ, ನೋಟಿಸ್ ಅಲ್ಲಿಗೆ ಸತ್ತುಹೋಯ್ತು, ಮುಂದಿನ ತಿಂಗಳು ಮತ್ತೆ ಅದೇ ರಾಗ. ಹೀಗೆ ಬರೀರಿ:

"ಒಪ್ಪಂದದ 8.2ನೇ ಕಲಂ ಪ್ರಕಾರ ನಿಗದಿಯಾದ ದಿನಾಂಕಗಳಿಗೆ ನೀವು ಸತತ ಮೂರು ಬಾರಿ ಸರಕು ಪೂರೈಸಿರುವುದಿಲ್ಲ (ವಿವರ ಕೆಳಗಿನ ಪಟ್ಟಿಯಲ್ಲಿದೆ). ಇದು ಒಪ್ಪಂದದ ಗಂಭೀರ ಉಲ್ಲಂಘನೆ. 14.2ನೇ ಕಲಂ ಪ್ರಕಾರ, ಈ ನೋಟಿಸ್ ತಲುಪಿದ 30 ದಿನಗಳೊಳಗೆ (ಅ) ಬಾಕಿ ಇರುವ 150 ಬಿಡಿಭಾಗಗಳನ್ನು ಪೂರೈಸಬೇಕು ಮತ್ತು (ಆ) ಈ ಅವಧಿಯಲ್ಲಿ ಬರುವ ಪ್ರತಿಯೊಂದು ಪೂರೈಕೆಯನ್ನೂ ನಿಗದಿತ ದಿನಾಂಕಕ್ಕೆ ಪೂರ್ಣ ಪ್ರಮಾಣದಲ್ಲಿ ಪೂರೈಸಬೇಕು. ತಪ್ಪಿದಲ್ಲಿ 14.3ನೇ ಕಲಂ ಪ್ರಕಾರ ಒಪ್ಪಂದವನ್ನು ಕೊನೆಗೊಳಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ."

ಕಲಂ ನಂಬರ್ ನಿಮ್ಮ ಅಗ್ರಿಮೆಂಟಿನದು ಹಾಕಿ, ಇದು ನಮ್ಮ ಉದಾಹರಣೆಗೆ. ಕೆಳಗೆ ಪಟ್ಟಿಯಲ್ಲಿ ಪಿಒ ನಂಬರ್, ಬರಬೇಕಿದ್ದ ತಾರೀಖು, ಬಂದ ತಾರೀಖು, ಎಷ್ಟು ದಿನ ಲೇಟು, ಅಷ್ಟೇ. "ನಿಮ್ಮಿಂದ ನಮ್ಮ ಮಾನ ಹೋಯ್ತು" ಥರದ್ದೆಲ್ಲ ಬೇಡ. ಕೆಲವು ಅಗ್ರಿಮೆಂಟ್‌ನಲ್ಲಿ ಆರು ತಿಂಗಳಲ್ಲಿ ಮೂರು ಸಲ ಲೇಟಾದ್ರೆ ಗಡುವೇ ಬೇಡ, ನೇರ ಮುಗಿಸ್ಬಹುದು ಅಂತಾನೂ ಇರುತ್ತೆ, ಹಾಗಿದ್ರೆ ನಿಮ್ಮ ಅದೃಷ್ಟ.

ಕಳಿಸೋದು ನೋಟಿಸ್ ಕ್ಲಾಸ್‌ನಲ್ಲಿ ಇರೋ ವಿಳಾಸಕ್ಕೆ, ಅಲ್ಲಿ ಹೇಳಿದ ದಾರಿಯಲ್ಲೇ. ಹಳೇ ಅಗ್ರಿಮೆಂಟ್‌ಗಳಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅಂತ ಇರುತ್ತೆ, ಅಂಚೆ ಇಲಾಖೆ 2025ರಲ್ಲಿ ಅದನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿರೋದ್ರಿಂದ ಸ್ಪೀಡ್ ಪೋಸ್ಟ್‌ನಲ್ಲೇ ಹಾಕಿ, ಒಂದು ಕಾಪಿ ಮೇಲ್ ಮಾಡಿ, ಟ್ರ್ಯಾಕಿಂಗ್ ಪೇಜ್ ಪ್ರಿಂಟ್ ತೆಗೆದಿಡಿ. ದಿನದ ಲೆಕ್ಕದಲ್ಲಿ ತಲುಪಿದ ದಿನ ಸೇರಲ್ಲ. ಜುಲೈ 10ಕ್ಕೆ ಹಾಕಿ 13ಕ್ಕೆ ಅವರ ಕೈಗೆ ಸಿಕ್ಕಿದ್ರೆ 14 ಮೊದಲನೇ ದಿನ, ಆಗಸ್ಟ್ 12 ಮೂವತ್ತನೇ ದಿನ. 12ರ ರಾತ್ರಿಯವರೆಗೂ ಟೈಮ್ ಅವರದ್ದು, ಒಂದು ದಿನ ಮುಂಚೆ ಎರಡನೇ ಲೆಟರ್ ಹೋದ್ರೂ ತಕರಾರು.

ಗಡುವಿನ 30 ದಿನಾನೇ ಜನ ಕೆಡಿಸ್ಕೊಳ್ಳೋದು. ಫೌಂಡ್ರಿಯವರು ಫೋನ್ ಮಾಡಿ "ಸಾರ್, ಕರೆಂಟ್ ಪ್ರಾಬ್ಲಂ, ಆಗಸ್ಟ್ 5ರ ಲೋಡು 11ಕ್ಕೆ ಕೊಡ್ತೀನಿ" ಅಂತಾರೆ, ನಿಮ್ಮ ಪರ್ಚೇಸ್ ಹುಡುಗ "ಓಕೆ ಸಾರ್" ಅಂತ ಮೆಸೇಜ್ ಹಾಕ್ತಾನೆ. ಅದು ಟೈಮ್ ವಿಸ್ತರಣೆ ಆಯ್ತು ಅಂತ ಅವರು ವಾದ ಮಾಡ್ಬಹುದು. ಹುಡುಗನಿಗೆ ಹೇಳ್ಬೇಕಾದ ಉತ್ತರ ಒಂದೇ, "ತಾರೀಖು ಬದಲಾಗಿಲ್ಲ, ನೋಟಿಸ್ ಜಾರಿಯಲ್ಲಿದೆ." ಮಾಲು 11ಕ್ಕೆ ಬಂದ್ರೆ ಲೈನ್ ನಿಲ್ಲಬಾರದು ಅಂತ ತಗೊಳ್ಳಿ, ಪರವಾಗಿಲ್ಲ, ಆದ್ರೆ ತಗೊಳ್ಳೋ ಹೊತ್ತಿಗೇ ಮೇಲ್ ಮಾಡಿ: ಲೇಟಾಗಿ ಬಂದಿದ್ದನ್ನ ನಮ್ಮ ಹಕ್ಕು ಬಿಡದೇ ಸ್ವೀಕರಿಸಿದ್ದೀವಿ, ನಷ್ಟ ಕೇಳ್ತೀವಿ ಅಂತ. 1872ರ ಕರಾರು ಕಾಯ್ದೆಯ 55ನೇ ಸೆಕ್ಷನ್ ಹೇಳೋದು ಇದನ್ನೇ, ಟೈಮೇ ಮುಖ್ಯ ಅಂತ ಇರೋ ಕರಾರಿನಲ್ಲಿ ಲೇಟ್ ಮಾಲನ್ನ ಸುಮ್ಮನೆ ತಗೊಂಡು ಆಗಲೇ ಹೇಳದಿದ್ರೆ ಆಮೇಲೆ ಆ ಲೇಟಿಗೆ ನಷ್ಟ ಕೇಳೋಕಾಗಲ್ಲ.

ನಮ್ಮ ಕೇಸಲ್ಲಿ 150 ಪೀಸ್ ಜುಲೈ 30ಕ್ಕೆ ಬಂತು, ಅಂದ್ರೆ (ಅ) ಸರಿಯಾಯ್ತು. ಆಗಸ್ಟ್ 5ರದ್ದು 11ಕ್ಕೆ ಬಂತು, (ಆ) ತಪ್ಪಿತು. ಆ ಒಂದು ಸಾಲು ಇಲ್ಲದಿದ್ರೆ ಇಲ್ಲಿಗೆ ಮುಗೀತಿತ್ತು.

ಆಗಸ್ಟ್ 13ಕ್ಕೆ ಎರಡನೇ ಲೆಟರ್, ಇದು ಚಿಕ್ಕದಾಗಿರಲಿ:

"ಜುಲೈ 13ರಂದು ನಿಮಗೆ ತಲುಪಿದ ನೋಟಿಸ್‌ನಲ್ಲಿ ನೀಡಿದ 30 ದಿನಗಳ ಅವಧಿ ಆಗಸ್ಟ್ 12ಕ್ಕೆ ಮುಗಿದಿದೆ. ಷರತ್ತು (ಆ) ಪಾಲನೆಯಾಗಿಲ್ಲ. ಆಗಸ್ಟ್ 5ರ ಪೂರೈಕೆ 11ರಂದು ಬಂದಿದೆ. ಆದ್ದರಿಂದ 14.3ನೇ ಕಲಂ ಪ್ರಕಾರ ಈ ನೋಟಿಸ್ ತಲುಪಿದ ದಿನದಿಂದ ಒಪ್ಪಂದ ಕೊನೆಗೊಂಡಿದೆ. ಪೂರೈಸದ ಆದೇಶಗಳು ರದ್ದಾಗಿವೆ. ಸ್ವೀಕರಿಸಿದ ಸರಕಿನ ಹಣವನ್ನು ಒಪ್ಪಂದದಂತೆ ಪಾವತಿಸುತ್ತೇವೆ. ನಷ್ಟ ಪರಿಹಾರದ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ."

ಸಹಿ ಹಾಕೋರಿಗೆ ಅಧಿಕಾರ ಇದೆಯಾ ನೋಡಿ, ಪಾರ್ಟ್ನರ್‌ಶಿಪ್ ಆದ್ರೆ ಪಾರ್ಟ್ನರ್, ಕಂಪನಿ ಆದ್ರೆ ಅಧಿಕಾರ ಪತ್ರ ಇರೋರು.

ಕಾಸ್ಟಿಂಗ್ ವ್ಯವಹಾರದವರಿಗೆ ಒಂದು ಮಾತು ಬೇರೆ ಇದೆ. ನಿಮ್ಮ ದುಡ್ಡಲ್ಲಿ ಮಾಡಿಸಿದ ಪ್ಯಾಟರ್ನ್, ಅಂದ್ರೆ ಅಚ್ಚು ತೆಗೆಯೋ ಮಾದರಿ, ಅವರ ಶೆಡ್ಡಲ್ಲೇ ಬಿದ್ದಿರುತ್ತೆ, ಲೆಟರ್ ಹೋದ ತಕ್ಷಣ "ಹಳೇ ಬಾಕಿ ತೀರಿಸಿ ತಗೊಂಡ್ಹೋಗಿ" ಅಂತ ಹಿಡ್ಕೊಳ್ತಾರೆ. ಹೊಸ ಪ್ಯಾಟರ್ನ್ ಮಾಡಿಸಿ ಸ್ಯಾಂಪಲ್ ಪಾಸಾಗೋಕೆ ವಾರಗಟ್ಟಲೆ ಹಿಡಿಯುತ್ತೆ. ಹಾಗಾಗಿ ಎರಡನೇ ಲೆಟರ್‌ನಲ್ಲಿ ಪ್ಯಾಟರ್ನ್, ಕೋರ್ ಬಾಕ್ಸ್ ಎಷ್ಟಿವೆ ಅಂತ ಪಟ್ಟಿ ಹಾಕಿ ಏಳು ದಿನದಲ್ಲಿ ವಾಪಸ್ ಕೇಳಿ, ಅದಕ್ಕೂ ಮುಂಚೆ ಗಡುವಿನ 30 ದಿನದಲ್ಲೇ ಬೇರೆ ಫೌಂಡ್ರಿ ಹತ್ರ ಕೊಟೇಶನ್ ತಗೊಂಡು ಮಾತಾಡಿಟ್ಟಿರಿ.