ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ಎರಡು ನಿಮಿಷದಲ್ಲಿ ಏನು ಹೇಳಬೇಕು?

ಹಾಸನದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪ್ಲೇಸ್‌ಮೆಂಟ್ ಅಧಿಕಾರಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಮಾಡಿದ ಭಾಷಣದಿಂದ:

ನಿಮಗಿನ್ನೂ ಕೆಲಸದ ಅನುಭವ ಇಲ್ಲ. ಹಾಗಾಗಿ ಸಂದರ್ಶನಕ್ಕೆ ಕೂತವರು ಕೆದಕುವುದು ನಿಮ್ಮ ಪ್ರಾಜೆಕ್ಟನ್ನೇ. ಇವತ್ತು ಅದೊಂದನ್ನೇ ಹೇಳುತ್ತೇನೆ.

ಮೊದಲು ರೆಸ್ಯೂಮೆ ತೆಗೆಯಿರಿ. ‘ಕಾಫಿ ತೋಟಕ್ಕೆ ಸ್ಮಾರ್ಟ್ ನೀರಾವರಿ’ ಎಂದಷ್ಟೇ ಇದ್ದರೆ, ನಾಲ್ಕು ಜನರ ತಂಡದಲ್ಲಿ ನಿಮ್ಮ ಪಾಲು ಯಾವುದೆಂದು ತಿಳಿಯುವುದಿಲ್ಲ. ‘ತೇವಾಂಶದ ಸೆನ್ಸರ್ ಜೋಡಣೆ ಮತ್ತು ಅದರ ಕೋಡ್ ನನ್ನದು’ ಎಂದು ಕೆಳಗೆ ಒಂದು ಸಾಲು ಸೇರಿಸಿ. ಗೆಳೆಯ ಮಾಡಿದ ಆ್ಯಪನ್ನು ನಿಮ್ಮದೆಂದು ಬರೆದುಕೊಂಡರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಆಮೇಲೆ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ: ಯಾವ ತೊಂದರೆಗೆ ಇದನ್ನು ಮಾಡಿದಿರಿ, ನೀವು ಮಾಡಿದ್ದೇನು, ಎಲ್ಲಿ ಕೈಕೊಟ್ಟಿತು, ಕೊನೆಗೆ ಎಷ್ಟರಮಟ್ಟಿಗೆ ಕೆಲಸ ಮಾಡಿತು. ಮೂರನೆಯದಕ್ಕೇ ಹೆಚ್ಚು ಜಾಗ ಕೊಡಿ. ಕೈಯಾರೆ ಮಾಡಿದವರಿಗೆ ಮಾತ್ರ ಅದು ಗೊತ್ತಿರುತ್ತದೆ, ಕೇಳುವವರಿಗೂ ಬೇಕಾದ್ದು ಅದೇ.

ಇದೇ ಪ್ರಾಜೆಕ್ಟನ್ನು ತೆಗೆದುಕೊಳ್ಳೋಣ. ಸೆನ್ಸರ್ ತಂತಿ ಇಎಸ್‌ಪಿ32 ಬೋರ್ಡಿನ 25ನೇ ಪಿನ್‌ಗೆ ಹಾಕಿದ್ದಿರಿ. ಮೇಜಿನ ಮೇಲೆ ಸರಿಯಾಗಿ ಓದುತ್ತಿತ್ತು, ವೈಫೈ ಸೇರಿಸಿದ ಕೂಡಲೇ ಓದುವುದು ನಿಂತಿತು. ‘ಏನೋ ಸಮಸ್ಯೆ ಬಂತು, ಸರಿಮಾಡಿದೆವು’ ಎಂದರೆ ಉತ್ತರ ಅಲ್ಲಿಗೇ ಸತ್ತಿತು. ಹೀಗೆ ಹೇಳಿ: ‘ಆ ಬೋರ್ಡಿನಲ್ಲಿ ಅನಲಾಗ್ ಓದುವ ಭಾಗ ಎರಡಿವೆ. 25ನೇ ಪಿನ್ ಎರಡನೆಯದಕ್ಕೆ ಸೇರಿದ್ದು. ವೈಫೈ ಓಡುವಾಗ ಆ ಭಾಗ ನಮಗೆ ಸಿಗುವುದಿಲ್ಲ. ತಂತಿಯನ್ನು ಮೊದಲ ಭಾಗದ 34ನೇ ಪಿನ್‌ಗೆ ಬದಲಿಸಿದೆ, ಸರಿಹೋಯಿತು.’ ನಾಲ್ಕೇ ವಾಕ್ಯ.

ಅಂಕಿಗಳಿಗೂ ಕಾರಣ ಇಟ್ಟುಕೊಂಡಿರಿ. ಕೋಡಿನಲ್ಲಿ ಸೆನ್ಸರ್ ತೋರಿಸುವ ಅಂಕಿ 2200 ದಾಟಿದರೆ ಪಂಪ್ ಚಾಲೂ ಎಂದಿದ್ದರೆ, ‘2200 ಯಾಕೆ?’ ಎಂದು ಕೇಳಿಯೇ ಕೇಳುತ್ತಾರೆ. ಕೆಪ್ಯಾಸಿಟಿವ್ ಸೆನ್ಸರ್ ಒಣ ಮಣ್ಣಿನಲ್ಲಿ ಹೆಚ್ಚು, ಒದ್ದೆ ಮಣ್ಣಿನಲ್ಲಿ ಕಡಿಮೆ ತೋರಿಸುತ್ತದೆ. ತೋಟದ ಮಣ್ಣನ್ನೇ ಎರಡು ಡಬ್ಬಿಗಳಲ್ಲಿ, ಒಂದು ಒಣಗಿಸಿ, ಇನ್ನೊಂದು ಚೆನ್ನಾಗಿ ನೆನೆಸಿ, ಓದಿ ನೋಡಿದ್ದರೆ ಉತ್ತರ ನಿಮ್ಮ ಬಳಿಯೇ ಇರುತ್ತದೆ. ‘ಗೈಡ್ ಹೇಳಿದರು’ ಎನ್ನುವುದು ಉತ್ತರವಲ್ಲ.

ಹಾಳೆ ಸಿದ್ಧವಾದ ಮೇಲೆ ಬಾಯಿಪಾಠ ಮಾಡಬೇಡಿ. ನಡುವೆ ಒಂದು ಪ್ರಶ್ನೆ ಬಿದ್ದರೆ ಬಾಯಿಪಾಠ ತುಂಡಾಗುತ್ತದೆ, ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತದೆ. ಮೊದಲು ಗೆಳೆಯರಿಗೆ ಕನ್ನಡದಲ್ಲಿ ವಿವರಿಸಿ, ಅದು ಸರಾಗವಾದಾಗ ಚಿಕ್ಕಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ನಾವು’ ಎಂದಿರುವ ಕಡೆಯೆಲ್ಲ ನಿಲ್ಲಿಸಿ, ಅದು ನೀವೋ ತಂಡವೋ ನೋಡಿಕೊಳ್ಳಿ. ಎರಡು ನಿಮಿಷ ಮೀರಿದರೆ ಪೀಠಿಕೆ ಕತ್ತರಿಸಿ, ಪಿನ್ ಬದಲಿಸಿದ ಭಾಗವನ್ನು ಮುಟ್ಟಬೇಡಿ.

ಬೋರ್ಡು ಇನ್ನೂ ಲ್ಯಾಬಿನಲ್ಲೇ ಇದ್ದರೆ ಈ ವಾರವೇ ಹೋಗಿ ಒಮ್ಮೆ ಓಡಿಸಿ. ತಂತಿ ಯಾವ ಪಿನ್‌ನಲ್ಲಿದೆ ಎಂದು ಕಣ್ಣಾರೆ ನೋಡಿ, ಕೋಡಿನ ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.