ಹತ್ತಕ್ಕೆ ಪಂದ್ಯ, ಒಂದಕ್ಕೆ ಪಲಾವ್

ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯೊಂದರ ಹುಡುಗಿಯರ ಖೋ ಖೋ ತಂಡವನ್ನು ಕಟ್ಟಿಕೊಂಡು ಹಲವು ವರ್ಷ ಶಿವಮೊಗ್ಗಕ್ಕೆ ಓಡಾಡಿದ್ದೇನೆ. ಮೊದಲ ವರ್ಷಗಳಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಬೆಳಗಿನ ಪಂದ್ಯದಲ್ಲಿ ಜಿಂಕೆಯಂತೆ ಓಡಿದ ಹುಡುಗಿಯರು ಮಧ್ಯಾಹ್ನದ ಪಂದ್ಯದಲ್ಲಿ ಕಾಲೆಳೆಯುತ್ತಿದ್ದರು. ಎದುರಾಳಿಗಳು ಗಟ್ಟಿ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳುತ್ತಿದ್ದೆ. ಒಂದು ಸಲ ನಮ್ಮ ಅತ್ಯುತ್ತಮ ಓಟಗಾರ್ತಿ ಕಂಬದ ಬಳಿ ಪಕ್ಕೆ ಹಿಡಿದುಕೊಂಡು ಕುಳಿತಳು. ಅಂಕಣದ ಆಚೆ ಹೋಗಿ ವಾಂತಿ ಮಾಡಿದಳು. ಬಂದದ್ದು ಪಲಾವ್. ಒಂದು ಗಂಟೆಗೆ ಊಟದ ಚೀಟಿ ಕೊಟ್ಟು ಸಾಲಿನಲ್ಲಿ ನಿಲ್ಲಿಸಿದವನು ನಾನೇ, ಒಂದೂಮುಕ್ಕಾಲಕ್ಕೆ ಪಂದ್ಯಕ್ಕೆ ಇಳಿಸಿದವನೂ ನಾನೇ.

ಅಂದಿನಿಂದ ನಮ್ಮ ತಂಡ ಊಟದ ಗಂಟೆ ನೋಡಿ ಉಣ್ಣುವುದನ್ನು ಬಿಟ್ಟಿತು. ಪಂದ್ಯದ ಗಂಟೆಯಿಂದ ಹಿಂದಕ್ಕೆ ಎಣಿಸಿ ಉಣ್ಣುವುದನ್ನು ಕಲಿತೆವು.

ಮೊದಲ ಕೆಲಸ: ಹಿಂದಕ್ಕೆ ಎಣಿಸುವುದು

ಹೊಟ್ಟೆ ತುಂಬ ಉಂಡ ಊಟ ಹೊಟ್ಟೆಯಿಂದ ಇಳಿಯಲು ಸುಮಾರು ಮೂರು ಗಂಟೆ ಬೇಕು. ಎಣ್ಣೆಯಲ್ಲಿ ಕರಿದದ್ದು, ತುಪ್ಪ ಹೆಚ್ಚಾದದ್ದು ಇನ್ನೂ ನಿಧಾನ. ಹಾಗಾಗಿ ಮುಂದಿನ ಪಂದ್ಯಕ್ಕೆ ಮೂರು ಗಂಟೆಗಿಂತ ಹೆಚ್ಚು ಸಮಯವಿದ್ದರೆ ಊಟ. ಎರಡು ಗಂಟೆಯಿದ್ದರೆ ಅರ್ಧ ತಟ್ಟೆ ಅನ್ನ, ತಿಳಿಸಾರು. ಒಂದು ಗಂಟೆಯಿದ್ದರೆ ಒಂದು ಬಾಳೆಹಣ್ಣು. ಅರ್ಧ ಗಂಟೆಯೂ ಇಲ್ಲದಿದ್ದರೆ ತಿನ್ನುವುದೇನೂ ಬೇಡ, ಬೆಲ್ಲದ ನೀರನ್ನು ಎರಡು ಮೂರು ಗುಟುಕು ಕುಡಿದರೆ ಸಾಕು.

ಗೆದ್ದವರು ಮುಂದೆ ಹೋಗುವ ಕೂಟಗಳಲ್ಲಿ ಮುಂದಿನ ಪಂದ್ಯದ ಹೊತ್ತು ಮೊದಲೇ ಗೊತ್ತಿರುವುದಿಲ್ಲ. ಪಂದ್ಯ ಮುಗಿದ ಕೂಡಲೇ ಶಿಕ್ಷಕರು ವೇಳಾಪಟ್ಟಿಯ ಮೇಜಿಗೆ ಹೋಗಿ ಕೇಳಬೇಕು. ಉತ್ತರ ಅಸ್ಪಷ್ಟವಾಗಿದ್ದರೆ ಕಡಿಮೆ ಸಮಯವಿದೆ ಎಂದೇ ಲೆಕ್ಕ ಹಾಕಿ, ಸ್ವಲ್ಪ ಸ್ವಲ್ಪವೇ ಕೊಡುತ್ತಾ ಹೋಗಬೇಕು.

ಬೆಳಗಿನ ಬಸ್ಸು

ಹತ್ತಕ್ಕೆ ಪಂದ್ಯವಿದ್ದರೆ ಊಟದ ಹೊತ್ತು ಆರೂವರೆ, ಏಳು. ಆ ಹೊತ್ತಿಗೆ ನಾವು ಬಸ್ಸಿನಲ್ಲಿ, ಮಂಡಗದ್ದೆಯ ಆಸುಪಾಸಿನ ತಿರುವುಗಳಲ್ಲಿ ಇರುತ್ತೇವೆ. ತುಂಬಿದ ಹೊಟ್ಟೆ ಅಲ್ಲಿ ಉಳಿಯುವುದಿಲ್ಲ. ಪೂರ್ತಿ ಖಾಲಿ ಹೊಟ್ಟೆಗೂ ತೊಳಸುತ್ತದೆ. ಅದಕ್ಕೆ ತಿಂಡಿಯನ್ನು ಎರಡು ಪಾಲು ಮಾಡಬೇಕು. ಮನೆ ಬಿಡುವ ಮುನ್ನ ಒಂದು ಕಡುಬೋ ಎರಡು ನೀರುದೋಸೆಯೋ, ಶಿವಮೊಗ್ಗದಲ್ಲಿ ಇಳಿದ ಮೇಲೆ ಎಂಟರ ಸುಮಾರಿಗೆ ಉಳಿದದ್ದು. ವಾಂತಿ ಮಾಡುವ ಅಭ್ಯಾಸವಿರುವವರಿಗೆ ಬಸ್ ಹತ್ತುವ ಮೊದಲು ಹಾಲು ಬೇಡ. ತಾಯಂದಿರಿಗೆ ಈ ಮಾತು ಇಷ್ಟವಾಗುವುದಿಲ್ಲ ಎಂದು ಗೊತ್ತು.

ಡಬ್ಬಿಯೊಳಗೆ ಏನು

ಇಲ್ಲಿ ತಪ್ಪು ಸುಲಭ. ಬೆಳಿಗ್ಗೆ ಐದಕ್ಕೆ ಮಾಡಿದ ಅನ್ನವನ್ನು ಬಿಸಿಬಿಸಿಯಾಗಿಯೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಹಬೆ ಒಳಗೇ ನೀರಾಗುತ್ತದೆ, ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಆ ಬೆಚ್ಚಗಿನಲ್ಲಿ ಮೊಳೆತು ಅವು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ವಾಸನೆಯಿಂದ ಇದು ಗೊತ್ತಾಗಬೇಕೆಂದೂ ಇಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾದಾಗ ಗೊತ್ತಾಗುತ್ತದೆ.

ಕಟ್ಟಲೇಬೇಕೆಂದರೆ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಹುಣಸೆಹುಳಿಯ ಪುಳಿಯೋಗರೆಯನ್ನೋ ನಿಂಬೆಹುಳಿಯ ಚಿತ್ರಾನ್ನವನ್ನೋ ಮಾಡಿ. ತೆಂಗಿನಕಾಯಿ ತುರಿ ಬೇಡ, ಕಾಯಿಚಟ್ನಿಯಂತೂ ಬೇಡವೇ ಬೇಡ. ಕಟ್ಟಿದ ಅನ್ನವನ್ನೂ ಬೆಳಗಿನ ಎರಡನೇ ಪಾಲಿನಲ್ಲೇ ಮುಗಿಸಿಬಿಡಿ, ಮಧ್ಯಾಹ್ನಕ್ಕೆ ಉಳಿಸಬೇಡಿ.

ನನ್ನ ಮೆಚ್ಚಿನದು ಅವಲಕ್ಕಿ. ತೆಳು ಅವಲಕ್ಕಿಯನ್ನು ಒಣದಾಗಿಯೇ ಒಯ್ಯಬೇಕು, ಮೊಸರನ್ನು ಬೇರೆ ಸ್ಟೀಲ್ ಡಬ್ಬಿಯಲ್ಲಿ. ಬೇಕಾದಾಗ ಒಂದು ಹಿಡಿ ಅವಲಕ್ಕಿಗೆ ಮೊಸರು, ಚಿಟಿಕೆ ಉಪ್ಪು ಹಾಕಿ ಕಲಸಿದರೆ ಐದು ನಿಮಿಷದಲ್ಲಿ ತಿನ್ನಬಹುದು. ಜೊತೆಗೆ ತಲೆಗೆ ಎರಡರಂತೆ ಬಾಳೆಹಣ್ಣು, ಒಂದು ಉಂಡೆ ಬೆಲ್ಲ, ಹುರಿದ ಕಡಲೆಕಾಯಿ. ಕಡಲೆಕಾಯಿಯಲ್ಲಿ ಕೊಬ್ಬು ಹೆಚ್ಚು, ಆದ್ದರಿಂದ ಕೊನೆಯ ಪಂದ್ಯ ಮುಗಿಯುವವರೆಗೆ ಆ ಪೊಟ್ಟಣ ಮೇಷ್ಟ್ರ ಚೀಲದಲ್ಲೇ ಇರಲಿ.

ಕ್ಯಾಂಟೀನಿನ ವಿಷಯ ಚಿಕ್ಕದು: ಹಬೆಯಾಡುವ ಇಡ್ಲಿ, ಅನ್ನಸಾರು, ಉಪ್ಪಿಟ್ಟು ಆಗಬಹುದು. ಬೋಂಡ, ಪೂರಿ, ತಣ್ಣಗಾದ ಪಲಾವ್, ಕತ್ತರಿಸಿಟ್ಟ ಹಣ್ಣು ಬೇಡ.

ನೀರು

ಜಡಿಮಳೆಯಲ್ಲಿ ಬಾಯಾರುವುದಿಲ್ಲ. ಮಲೆನಾಡಿನ ಮಕ್ಕಳು ತಂಪಿನಿಂದ ಹೊರಟು ಶಿವಮೊಗ್ಗದ ಸೆಕೆಗೆ ಇಳಿಯುತ್ತಾರೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರದೆ ಹರಿದು ಹೋಗುತ್ತದೆ, ಮೈ ತಣಿಯುವುದಿಲ್ಲ. ನೀರು ಕುಡಿಯದಿರಲು ಹುಡುಗಿಯರಿಗೆ ಇನ್ನೊಂದು ಕಾರಣವಿತ್ತು, ಅದನ್ನು ನನಗೆ ಹೇಳಲು ಅವರು ಎರಡು ವರ್ಷ ತೆಗೆದುಕೊಂಡರು. “ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಸಾರ್, ಅಲ್ಲಿ ಬಾಗಿಲೇ ಇಲ್ಲ.” ಆಮೇಲೆ ಮೈದಾನ ತಲುಪಿದ ಕೂಡಲೇ ಶಿಕ್ಷಕಿಯೊಬ್ಬರು ಬಳಸಬಹುದಾದ ಶೌಚಾಲಯ ಹುಡುಕುವುದು ನಮ್ಮ ಮೊದಲ ಕೆಲಸವಾಯಿತು. ಅದಿಲ್ಲದೆ ನೀರಿನ ಉಪದೇಶ ವ್ಯರ್ಥ.

ಎಷ್ಟು ಬೇಕೆಂದು ತಿಳಿಯಲು ಊರಿನಲ್ಲೇ ಒಮ್ಮೆ ತೂಕ ನೋಡಿ. ನಮ್ಮ ಒಬ್ಬಳು ಅಭ್ಯಾಸಕ್ಕೆ ಮೊದಲು 45 ಕಿಲೋ ಇದ್ದಳು. ಒಂದು ಗಂಟೆ ಆಡಿ, ಬೆವರು ಒರೆಸಿ ನಿಂತಾಗ 44.5. ನಡುವೆ ಕಾಲು ಲೀಟರ್ ಕುಡಿದಿದ್ದಳು. ಅಂದರೆ ಹೋದ ಬೆವರು ಮುಕ್ಕಾಲು ಲೀಟರ್. ತೂಕದಲ್ಲಿ ನೂರಕ್ಕೆ ಎರಡು ಪಾಲು, ಅವಳಿಗೆ 900 ಗ್ರಾಂ, ಇಳಿದರೆ ಓಟ ಕುಂದುತ್ತದೆ. ಏನೂ ಕುಡಿಯದಿದ್ದರೆ ಎರಡನೇ ಪಂದ್ಯದ ಹೊತ್ತಿಗೆ ಅವಳು ಆ ಗೆರೆ ದಾಟುತ್ತಾಳೆ.

ಆದ್ದರಿಂದ ಅವಳ ಲೆಕ್ಕ ಹೀಗೆ: ಬೆಳಿಗ್ಗೆ ಆರರ ಸುಮಾರಿಗೆ ಒಂದು ದೊಡ್ಡ ಲೋಟ, ಕಾಲು ಲೀಟರಿನಷ್ಟು. ಆಟದ ವಿರಾಮಗಳಲ್ಲಿ ಕೆಲವು ಗುಟುಕು. ಪಂದ್ಯ ಮುಗಿದ ಮೇಲೆ ಎರಡು ಗಂಟೆಯೊಳಗೆ ಅರ್ಧದಿಂದ ಮುಕ್ಕಾಲು ಲೀಟರ್, ಸ್ವಲ್ಪ ಸ್ವಲ್ಪವಾಗಿ, ಜೊತೆಗೆ ಉಪ್ಪಿರುವ ಏನಾದರೂ ತಿನಿಸು. ಉಪ್ಪಿಲ್ಲದ ನೀರನ್ನೇ ಲೀಟರುಗಟ್ಟಲೆ ಒತ್ತಾಯದಿಂದ ಕುಡಿಸುವುದೂ ಅಪಾಯ; ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಬರುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆ ಇದಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಅದಕ್ಕೆ ಬೆರೆಸಿದ ನೀರು ಕುದಿಸಿ ಆರಿಸಿದ್ದಾಗಿರಬೇಕು.

ಮೂತ್ರದ ಬಣ್ಣ ನೋಡಿಕೊಳ್ಳಲು ಮಕ್ಕಳಿಗೆ ಹೇಳಿಕೊಡಿ. ತಿಳಿ ಹಳದಿಯಾದರೆ ಸರಿ, ಕಡುಚಹಾದ ಬಣ್ಣವಾದರೆ ನೀರು ಸಾಲದು.

ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ, ಆದರೆ ಅದು ಭೇದಿ, ವಾಂತಿಗೆಂದು ಇರುವುದು. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಅರ್ಧ ಲೀಟರ್ ಬಾಟಲಿಗೆ ಸುರಿದರೆ ದ್ರಾವಣ ಗಟ್ಟಿಯಾಗಿ ಭೇದಿ ಹೆಚ್ಚುತ್ತದೆ. ಅಂಗಡಿಯ ಸಿಹಿ ಪೇಯಗಳು ಓಆರ್‌ಎಸ್ ಅಲ್ಲ. ಮಗು ಅಸಂಬದ್ಧವಾಗಿ ಮಾತನಾಡತೊಡಗಿದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮನೆಮದ್ದು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಯ ಪಂದ್ಯ ಮುಗಿದ ಮೇಲೆ ಬಸ್ ನಿಲ್ದಾಣದಲ್ಲಿ ಬೇಯಿಸಿದ ಮೊಟ್ಟೆ ಸಿಕ್ಕರೆ ತಲೆಗೊಂದು, ಮೊಟ್ಟೆ ತಿನ್ನದವರಿಗೆ ಬಿಸಿ ಹಾಲು. ಕಡಲೆಕಾಯಿ ಪೊಟ್ಟಣ ಈಗ ಚೀಲದಿಂದ ಹೊರಗೆ ಬರುತ್ತದೆ. ಗಾಜನೂರು ದಾಟುವಷ್ಟರಲ್ಲಿ ಸಿಪ್ಪೆ ಮಾತ್ರ ಉಳಿದಿರುತ್ತದೆ, ಅರ್ಧ ತಂಡ ನಿದ್ದೆಗೆ ಬಿದ್ದಿರುತ್ತದೆ.